ಖಡಕ್ ರೊಟ್ಟಿಗೆ ಎಷ್ಟು ಬೆಲೆ ಇಡಬೇಕು? ಸೀಮಾಂತ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಶಹಾಬಜಾರಿನಲ್ಲಿ ನಮ್ಮ ಚಿಗವ್ವ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಒಂದು ಪ್ಯಾಕೆಟ್‌ನಲ್ಲಿ 10 ರೊಟ್ಟಿ. ನಾನು ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರದ ಟ್ಯೂಷನ್ ಹೇಳುತ್ತೇನೆ. ಸೀಮಾಂತ ಆದಾಯ, ಸೀಮಾಂತ ವೆಚ್ಚದ ಪಾಠ ಬಂದಾಗಲೆಲ್ಲ ಅವಳ ನೋಟ್‌ಬುಕ್ ತೆಗೆದೇ ಪಾಠ ಮಾಡುತ್ತೇನೆ. ಮಕ್ಕಳು ಕೇಳುವ ಪ್ರಶ್ನೆಗಳ ಜೊತೆ ಚಿಗವ್ವ ಕೇಳಿದವೂ ಇಲ್ಲಿವೆ. ನಿಜ ಹೇಳಬೇಕೆಂದರೆ ಅವಳ ಪ್ರಶ್ನೆಗಳೇ ಗಟ್ಟಿ. ಲೆಕ್ಕ ಸಲೀಸಾಗಲಿ ಅಂತ ಅಂಕಿಗಳನ್ನು ದುಂಡಾಗಿ ಇಟ್ಟಿದ್ದೇನೆ.

## ಬೇಡಿಕೆ ಅನುಸೂಚಿ ಅಂದರೆ ಏನು?

ಯಾವ ಬೆಲೆಗೆ ಎಷ್ಟು ಮಾಲು ಹೋಗುತ್ತದೆ ಅಂತ ತೋರಿಸುವ ಪಟ್ಟಿ, ಅಷ್ಟೇ. ಚಿಗವ್ವನ ರೊಟ್ಟಿ ಪ್ಯಾಕೆಟ್ 110 ರೂಪಾಯಿ ಇದ್ದರೆ ದಿನಕ್ಕೆ 10 ಹೋಗುತ್ತವೆ. ಬೆಲೆ 5 ರೂಪಾಯಿ ಇಳಿಸಿದಾಗೊಮ್ಮೆ ಇನ್ನೂ 10 ಜಾಸ್ತಿ ಹೋಗುತ್ತವೆ. 105ಕ್ಕೆ 20, 100ಕ್ಕೆ 30, ಹೀಗೆ 75ಕ್ಕೆ ಬಂದರೆ 80 ಪ್ಯಾಕೆಟ್.

ಇದರಲ್ಲಿ ಮರೆಯಬಾರದ ಮಾತೊಂದಿದೆ. ಬೆಲೆಯನ್ನು ನೀವು ಇಡಬಹುದು, ಇಲ್ಲವೇ ಇಷ್ಟು ಮಾರಬೇಕು ಅಂತ ಪ್ರಮಾಣವನ್ನು ಇಡಬಹುದು. ಎರಡನ್ನೂ ನಿಮ್ಮಿಷ್ಟದಂತೆ ಇಡಲು ಆಗುವುದಿಲ್ಲ. ಒಂದನ್ನು ನೀವು ಹೇಳಿದರೆ ಇನ್ನೊಂದನ್ನು ಗಿರಾಕಿ ಹೇಳುತ್ತಾನೆ. ಅದಕ್ಕೇ ನಾವು ಮೊದಲು ಎಷ್ಟು ಪ್ಯಾಕೆಟ್ ಅಂತ ಹುಡುಕಿ, ಆಮೇಲೆ ಆ ಸಾಲಿನಲ್ಲಿರುವ ಬೆಲೆ ಓದುತ್ತೇವೆ.

## ಒಂದು ಪ್ಯಾಕೆಟ್‌ನ ಸೀಮಾಂತ ವೆಚ್ಚ ಹೇಗೆ ಕಟ್ಟುವುದು?

ಇನ್ನೊಂದು ಪ್ಯಾಕೆಟ್ ಜಾಸ್ತಿ ಮಾಡಿದರೆ ಕೈಯಿಂದ ಎಷ್ಟು ಹೆಚ್ಚಿಗೆ ಹೋಗುತ್ತದೆ ಅಂತ ಕೇಳಿಕೊಳ್ಳಿ. ನಾನೂ ಚಿಗವ್ವನೂ ಅಡುಗೆಮನೆಯ ಕಟ್ಟೆ ಮೇಲೆ ಕೂತು ಬರೆದದ್ದು ಹೀಗೆ. 10 ರೊಟ್ಟಿಗೆ ಅರ್ಧ ಕೆಜಿ ಹಿಟ್ಟು, ಗಿರಣಿ ಖರ್ಚು ಸೇರಿ 25 ರೂಪಾಯಿ. ರೊಟ್ಟಿ ಬಡಿಯುವವರಿಗೆ ಒಂದಕ್ಕೆ 2 ರೂಪಾಯಿಯಂತೆ 20. ಗ್ಯಾಸ್ 7. ಕವರ್ ಮತ್ತು ಚೀಟಿ 3. ಒಟ್ಟು 55.

ಈ 55 ಎಲ್ಲ ಪ್ಯಾಕೆಟ್‌ಗೂ ಒಂದೇ ಅಲ್ಲ. ಬೆಳಗ್ಗೆ ಬರುವ ಇಬ್ಬರು ಹೆಂಗಸರು ಸೇರಿ 500 ರೊಟ್ಟಿ ಬಡಿಯುತ್ತಾರೆ, ಅಂದರೆ 50 ಪ್ಯಾಕೆಟ್. ಅದಕ್ಕಿಂತ ಜಾಸ್ತಿ ಬೇಕಾದರೆ ಮಧ್ಯಾಹ್ನವೂ ಒಲೆ ಮುಂದೆ ಕೂಡಬೇಕು. ನಮ್ಮೂರ ಬೇಸಿಗೆಯಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಹಂಚಿನ ಮುಂದೆ ಯಾರು ಕೂಡುತ್ತಾರೆ ಹೇಳಿ? "ಮಧ್ಯಾಹ್ನ ಬಡೀಬೇಕಂದ್ರ ಮೂರು ರೂಪಾಯಿ ಕೊಡ್ರಿ ಅಕ್ಕಾ" ಅಂತ ಅವರು ಮೊದಲೇ ಹೇಳಿಬಿಟ್ಟಿದ್ದಾರೆ. ಹಾಗಾಗಿ 51ನೇ ಪ್ಯಾಕೆಟ್‌ನಿಂದ ಕೂಲಿ 30 ಆಗಿ, ಸೀಮಾಂತ ವೆಚ್ಚ 65ಕ್ಕೆ ಏರುತ್ತದೆ. ಇಲ್ಲಿ ಸರಾಸರಿ ವೆಚ್ಚ ಹಾಕಿದರೆ ಲೆಕ್ಕ ಕೆಡುತ್ತದೆ. 60 ಪ್ಯಾಕೆಟ್‌ಗೆ ಸರಾಸರಿ ತೆಗೆದರೆ 56 ಚಿಲ್ಲರೆ ಬರುತ್ತದೆ. ಆದರೆ ಕೊನೆಯ ಹತ್ತಕ್ಕೆ ನಿಜವಾಗಿ ಹೋಗುವುದು 65.

## ಮನೆಯವರೇ ರೊಟ್ಟಿ ಬಡಿದರೆ ಕೂಲಿ ಹಿಡಿಯಬೇಕಾ?

ಹಿಡಿಯಬೇಕು. ಚಿಗವ್ವ ಅದೇ ಹೊತ್ತಿನಲ್ಲಿ ಬೇರೆಯವರ ಮನೆಗೆ ಬಡಿದುಕೊಟ್ಟಿದ್ದರೆ ರೊಟ್ಟಿಗೆ 2 ರೂಪಾಯಿ ಸಿಗುತ್ತಿತ್ತು. ಅದನ್ನು ಬಿಟ್ಟು ಇಲ್ಲಿ ಕೂತಿದ್ದಾಳೆ. ಕೈಯಿಂದ ದುಡ್ಡು ಹೋಗದಿದ್ದರೂ ಬರುವ ದುಡ್ಡು ಬಿಟ್ಟಂತಾಯಿತು, ಅದೂ ವೆಚ್ಚವೇ.

## ಸೀಮಾಂತ ಆದಾಯ ಹೇಗೆ ತೆಗೆಯುವುದು?

ಇನ್ನೊಂದು ಪ್ಯಾಕೆಟ್ ಜಾಸ್ತಿ ಮಾರಿದರೆ ಒಟ್ಟು ಆದಾಯ ಎಷ್ಟು ಏರುತ್ತದೆ ಅನ್ನುವುದೇ ಸೀಮಾಂತ ಆದಾಯ. ಪ್ರತಿ ಸಾಲಿನಲ್ಲಿ ಬೆಲೆಯನ್ನು ಪ್ಯಾಕೆಟ್‌ಗಳಿಂದ ಗುಣಿಸಿ ಒಟ್ಟು ಆದಾಯ ಬರೆಯಿರಿ. ಆಮೇಲೆ ಒಂದು ಸಾಲಿನಿಂದ ಮುಂದಿನ ಸಾಲಿಗೆ ಒಟ್ಟು ಆದಾಯ ಎಷ್ಟು ಏರಿತು ನೋಡಿ, ಅದನ್ನು ಏರಿದ ಪ್ಯಾಕೆಟ್‌ಗಳಿಂದ ಭಾಗಿಸಿ. ಸೂತ್ರ ಇಷ್ಟೇ: `MR = ΔTR / ΔQ`.

| ಬೆಲೆ | ಪ್ಯಾಕೆಟ್ | ಒಟ್ಟು ಆದಾಯ | ಸೀಮಾಂತ ಆದಾಯ | ಸೀಮಾಂತ ವೆಚ್ಚ |
|---|---|---|---|---|
| 110 | 10 | 1100 | 110 | 55 |
| 105 | 20 | 2100 | 100 | 55 |
| 100 | 30 | 3000 | 90 | 55 |
| 95 | 40 | 3800 | 80 | 55 |
| 90 | 50 | 4500 | 70 | 55 |
| 85 | 60 | 5100 | 60 | 65 |
| 80 | 70 | 5600 | 50 | 65 |
| 75 | 80 | 6000 | 40 | 65 |

ಮಕ್ಕಳು ಜಾಸ್ತಿ ಎಡವುವುದು ಭಾಗಿಸುವ ಕಡೆ. 95ರಿಂದ 90ಕ್ಕೆ ಇಳಿದಾಗ ಆದಾಯ 700 ಏರುತ್ತದೆ. ಆ 700 ಹತ್ತು ಪ್ಯಾಕೆಟ್‌ಗೆ ಸೇರಿದ್ದು, ಒಂದಕ್ಕೆ 70. ಭಾಗಿಸದೆ 700 ಅಂತಲೇ ಬರೆದು, ಅದನ್ನು ಒಂದು ಪ್ಯಾಕೆಟ್‌ನ 55ರ ಜೊತೆ ಹೋಲಿಸಿದರೆ ಎಲ್ಲ ಸಾಲೂ ಲಾಭದ್ದೇ ಅನಿಸುತ್ತದೆ.

## ಹಾಗಾದರೆ ಯಾವ ಬೆಲೆ ಆರಿಸಬೇಕು?

ಪಟ್ಟಿಯ ಮೇಲಿನಿಂದ ಕೆಳಗೆ ಬನ್ನಿ. ಸೀಮಾಂತ ಆದಾಯ ಸೀಮಾಂತ ವೆಚ್ಚಕ್ಕಿಂತ ಜಾಸ್ತಿ ಇರುವವರೆಗೂ ಇಳಿಯುತ್ತಾ ಹೋಗಿ. 90ರ ಸಾಲಿನಲ್ಲಿ 70 ಬರುತ್ತದೆ, 55 ಹೋಗುತ್ತದೆ. ಆ ಹತ್ತು ಪ್ಯಾಕೆಟ್ ಮಾಡುವುದು ಸರಿ. 85ರ ಸಾಲಿನಲ್ಲಿ 60 ಬರುತ್ತದೆ, 65 ಹೋಗುತ್ತದೆ. ಅಲ್ಲಿಗೆ ಹೋಗಬೇಡಿ. ನಿಲ್ಲುವ ಜಾಗ 50 ಪ್ಯಾಕೆಟ್, ಬೆಲೆ 90.

ಪಟ್ಟಿಯಲ್ಲಿ ಎರಡೂ ಸರಿಯಾಗಿ ಸಮ ಆಗುವ ಸಾಲೇ ಇಲ್ಲ, ಗಮನಿಸಿದಿರಾ? "ಸಮ ಆಗೋ ಸಾಲು ಸಿಗ್ತಿಲ್ಲ ಸರ್, ಲೆಕ್ಕ ತಪ್ಪಿದೆ" ಅಂತ ಮಕ್ಕಳು ಗಾಬರಿಯಾಗುತ್ತಾರೆ. ತಪ್ಪಿಲ್ಲ. ಹತ್ತು ಹತ್ತರ ಹೆಜ್ಜೆ ಇರುವ ಪಟ್ಟಿಯಲ್ಲಿ ಆದಾಯ ವೆಚ್ಚವನ್ನು ಕೊನೆಯ ಸಲ ಮೀರಿದ ಸಾಲೇ ನಮಗೆ ಬೇಕಾದದ್ದು.

ಇನ್ನೊಂದು ಎಡವಟ್ಟಿದೆ. 50 ಪ್ಯಾಕೆಟ್ ಅಂತ ಸರಿಯಾಗಿ ಹುಡುಕಿ, ಬೆಲೆ ಕೇಳಿದರೆ 70 ಅಥವಾ 55 ಅಂತ ಬರೆದುಬಿಡುತ್ತಾರೆ. 70 ಬೆಲೆಯಲ್ಲ, ಸೀಮಾಂತ ಆದಾಯ. ಬೆಲೆಯನ್ನು ಬೆಲೆಯ ಕಾಲಮ್ಮಿನಿಂದಲೇ ಓದಬೇಕು.

ತಾಳೆ ನೋಡುವುದು ಸುಲಭ. 90ಕ್ಕೆ ಮಾರಿದರೆ 4500ರಲ್ಲಿ 2750 ಕಳೆದು 1750 ಉಳಿಯುತ್ತದೆ. 95ಕ್ಕೆ 1600. 85ಕ್ಕೆ 5100ರಲ್ಲಿ 3400 ಕಳೆದು 1700.

## 85ಕ್ಕೆ ಮಾರಿದರೂ ಪ್ಯಾಕೆಟ್‌ಗೆ 20 ರೂಪಾಯಿ ಉಳಿಯುತ್ತಲ್ವಾ? ಯಾಕೆ ಬಿಡಬೇಕು?

ಇದು ಚಿಗವ್ವನ ಪ್ರಶ್ನೆ. ಅವಳ ಮಾತಲ್ಲೇ ಹೇಳುತ್ತೇನೆ: "ತಮ್ಮಾ, ಅರವತ್ತೈದಕ್ಕ ಆಗ್ತದ, ಎಂಬತ್ತೈದಕ್ಕ ಮಾರ್ತೀನಿ. ಇಪ್ಪತ್ತು ಉಳೀತದ. ಹತ್ತು ಪ್ಯಾಕೆಟಿಗೆ ಇನ್ನೂರು. ಬಂದ ಲಕ್ಷ್ಮೀನ ಬ್ಯಾಡ ಅಂತೀಯೇನು?"

ಕೇಳಿದರೆ ಸರಿ ಅನಿಸುತ್ತದೆ. ನಾನೂ ಒಂದು ಕ್ಷಣ ಸುಮ್ಮನಾದೆ. ಆಮೇಲೆ ಅವಳ ಡಬ್ಬಿಯಿಂದ 60 ಹುಣಸೆ ಬೀಜ ಎಣಿಸಿ ಮುಂದಿಟ್ಟೆ. 50 ಒಂದು ಗುಂಪು, 10 ಇನ್ನೊಂದು ಗುಂಪು. ಬೆಲೆ 90 ಇದ್ದಾಗ ಈ 50 ಪ್ಯಾಕೆಟ್ ಹೇಗೂ ಹೋಗುತ್ತಿದ್ದವು. ಹೊಸ ಹತ್ತು ಗಿರಾಕಿಗಳಿಗಾಗಿ ಬೆಲೆ 85 ಮಾಡಿದೆ ಅನ್ನು. ಹಳೆಯ ಐವತ್ತು ಮಂದಿ "ನಾವು 90ನೇ ಕೊಡ್ತೀವಿ" ಅಂತಾರಾ? ಅವರಿಗೂ 85ಕ್ಕೇ ಕೊಡಬೇಕು. ಅಲ್ಲಿ ಒಂದೊಂದಕ್ಕೆ 5 ರೂಪಾಯಿಯಂತೆ 250 ಹೋಯಿತು.

ಹೊಸ ಹತ್ತರಿಂದ 850 ಬಂತು. ಹಳೆಯ ಐವತ್ತರಲ್ಲಿ 250 ಹೋಯಿತು. ನಿಜವಾಗಿ ಏರಿದ ಆದಾಯ 600. ಆ ಹತ್ತನ್ನು ಮಾಡಲು 650 ಬೇಕು. ದಿನಕ್ಕೆ 50 ರೂಪಾಯಿ ಲುಕ್ಸಾನು, ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಒಲೆ ಬೇರೆ.

ಸೀಮಾಂತ ಆದಾಯ ಬೆಲೆಗಿಂತ ಕಡಿಮೆ ಇರುವುದಕ್ಕೆ ಕಾರಣ ಇದೇ. ಹೊಸ ಗಿರಾಕಿ ಕೊಡುವ 85ರಲ್ಲಿ ಹಳೆಯವರಿಗೆ ಬಿಟ್ಟುಕೊಟ್ಟದ್ದನ್ನು ಕಳೆಯಬೇಕು. ಮಾರಾಟ ಜಾಸ್ತಿ ಇದ್ದಷ್ಟೂ ಹಳೆಯವರ ಗುಂಪು ದೊಡ್ಡದು, ಬಿಟ್ಟುಕೊಡುವುದೂ ಜಾಸ್ತಿ. ಪಟ್ಟಿಯಲ್ಲಿ ಕೆಳಗೆ ಹೋದಂತೆ ಬೆಲೆ ಬರೀ 5 ಇಳಿದರೆ ಸೀಮಾಂತ ಆದಾಯ 10 ಇಳಿಯುವುದು ಅದಕ್ಕೇ. ಚಿಗವ್ವ ಆ 50 ಬೀಜಗಳ ಗುಂಪನ್ನು ಒಂದು ಗಳಿಗೆ ನೋಡಿ "ಇದನ್ನ ನಾ ಎಣಿಸೇ ಇದ್ದಿಲ್ಲ" ಅಂದಳು.

## ಎಲ್ಲಕ್ಕಿಂತ ಜಾಸ್ತಿ ವ್ಯಾಪಾರ ಆಗುವ ಬೆಲೆಯೇ ಒಳ್ಳೆಯದಲ್ವಾ?

75ಕ್ಕೆ ಮಾರಿದರೆ ಗಲ್ಲಾಪೆಟ್ಟಿಗೆಯಲ್ಲಿ 6000 ಇರುತ್ತದೆ. ಪಟ್ಟಿಯಲ್ಲೇ ದೊಡ್ಡ ಮೊತ್ತ. ಆದರೆ ಖರ್ಚು 4700, ಉಳಿದದ್ದು 1300. 90ಕ್ಕಿಂತ 450 ಕಡಿಮೆ. ಇನ್ನೊಂದು ತುದಿಯಲ್ಲಿ 110ಕ್ಕೆ ಮಾರಿದರೆ ಪ್ಯಾಕೆಟ್‌ಗೆ 55 ಉಳಿಯುತ್ತದೆ, ಆದರೆ ಹೋಗುವುದು ಹತ್ತೇ. ಕೈಗೆ 550.

ಜಾಸ್ತಿ ವ್ಯಾಪಾರವೇ ಜಾಸ್ತಿ ಲಾಭ ಆಗುವುದು ಇನ್ನೊಂದು ಮಾಡಲು ಏನೂ ಖರ್ಚಿಲ್ಲದಾಗ ಮಾತ್ರ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಕೂರ್ನೋ 1838ರಲ್ಲೇ ಇಂಥ ಒಂದು ಉದಾಹರಣೆ ತಗೊಂಡಿದ್ದ. ಖನಿಜ ನೀರಿನ ಬುಗ್ಗೆ ಒಬ್ಬನದೇ, ನೀರು ತಾನಾಗಿ ಉಕ್ಕುತ್ತದೆ, ಖರ್ಚಿಲ್ಲ. ಅಂಥವನು ಸೀಮಾಂತ ಆದಾಯ ಸೊನ್ನೆಯಾಗುವವರೆಗೂ ಮಾರಬಹುದು. ರೊಟ್ಟಿ ಬುಗ್ಗೆಯಿಂದ ಉಕ್ಕುವುದಿಲ್ಲವಲ್ಲ.

## ಶೆಡ್ಡಿನ ಬಾಡಿಗೆ ಏರಿದರೆ ರೊಟ್ಟಿ ಬೆಲೆ ಏರಿಸಬೇಕಾ?

ಬೇಡ. ಶೆಡ್ಡಿನ ಬಾಡಿಗೆ ಮತ್ತು ಪ್ಯಾಕಿಂಗ್ ಮಷೀನಿನ ಕಂತು ಸೇರಿ ದಿನಕ್ಕೆ 300 ಅಂತ ಇಟ್ಟುಕೊಳ್ಳಿ. ಚಿಗವ್ವ 10 ಪ್ಯಾಕೆಟ್ ಮಾರಲಿ, 80 ಮಾರಲಿ, ಈ 300 ಹೋಗಿಯೇ ಹೋಗುತ್ತದೆ. ಎಲ್ಲ ಸಾಲಿನ ಲಾಭದಲ್ಲೂ ಒಂದೇ ಮೊತ್ತ ಕಳೆಯುತ್ತದೆ. 90ಕ್ಕೆ 1450, 95ಕ್ಕೆ 1300, 85ಕ್ಕೆ 1400. ಮೊದಲಿದ್ದವರೇ ಮೊದಲು. ಬಾಡಿಗೆ ಇನ್ನೂ 100 ಏರಿದರೆ ಚಿಗವ್ವನ ಜೇಬಿಗೆ 100 ಕಡಿಮೆ ಬರುತ್ತದೆ. ಅದನ್ನು ಗಿರಾಕಿ ಮೇಲೆ ಹಾಕಲು ಹೋದರೆ ಲುಕ್ಸಾನು ಇನ್ನೂ ಜಾಸ್ತಿ.

ಬಾಡಿಗೆ ನೋಡಬೇಕಾದದ್ದು ಬೇರೊಂದು ಪ್ರಶ್ನೆಗೆ: ಈ ವ್ಯಾಪಾರ ಮುಂದುವರಿಸಬೇಕಾ, ಮುಚ್ಚಬೇಕಾ? ಕಟ್ಟಲೇಬೇಕಾದ ಖರ್ಚು ದಿನಕ್ಕೆ 2000 ಇದ್ದಿದ್ದರೆ 90ರ ಬೆಲೆಯಲ್ಲೂ 250 ನಷ್ಟ. ಆದರೂ ಕರಾರು ಮುಗಿಯುವವರೆಗೆ ರೊಟ್ಟಿ ಮಾಡುವುದೇ ಸರಿ, ಯಾಕೆಂದರೆ ಬಾಗಿಲು ಹಾಕಿ ಕೂತರೆ ಪೂರ್ತಿ 2000 ನಷ್ಟ. ಕರಾರು ಮುಗಿದ ದಿನ ಬಿಡಬೇಕು.

## ಜೋಳ ತುಟ್ಟಿಯಾದರೆ?

ಜೋಳ ಸೀಮಾಂತ ವೆಚ್ಚದ ಒಳಗಿದೆ. ಹಾಗಾಗಿ ಮತ್ತೆ ಲೆಕ್ಕ ಹಾಕಬೇಕು. ಜೋಳ ಕೆಜಿಗೆ 20 ರೂಪಾಯಿ ಏರಿತು ಅಂದರೆ ಪ್ಯಾಕೆಟ್‌ಗೆ 10 ಏರುತ್ತದೆ. 55 ಇದ್ದದ್ದು 65. ಈಗ 90ರ ಸಾಲಿನ 70ರ ಜೊತೆ ಹೋಲಿಸಿ. ಇನ್ನೂ 70 ಜಾಸ್ತಿ ಇದೆ! ಬೆಲೆ ಮುಟ್ಟಬೇಕಾಗಿಯೇ ಇಲ್ಲ. ಲಾಭ 1750ರಿಂದ 1250ಕ್ಕೆ ಇಳಿಯುತ್ತದೆ, ಹೊಟ್ಟೆ ಉರಿಯುತ್ತದೆ ನಿಜ. ಆದರೆ 95 ಮಾಡಿದ್ದರೆ 1200 ಮಾತ್ರ ಉಳಿಯುತ್ತಿತ್ತು.

ಜೋಳದ ಜೊತೆ ಕೂಲಿಯೂ ಏರಿ ವೆಚ್ಚ 73 ಆಯಿತು ಅನ್ನಿ. ಆಗ 70 ಸಾಲುವುದಿಲ್ಲ. ಒಂದು ಸಾಲು ಮೇಲೆ ಹೋಗಿ 40 ಪ್ಯಾಕೆಟ್, ಬೆಲೆ 95. ವೆಚ್ಚ 18 ಏರಿದರೂ ಬೆಲೆ ಏರಿದ್ದು 5. "ಖರ್ಚು ಎಷ್ಟು ಏರ್ತದೋ ಅಷ್ಟೇ ಏರಿಸೋದು" ಅನ್ನುವ ಬಜಾರಿನ ರೂಢಿ ಈ ಲೆಕ್ಕಕ್ಕೆ ಹೊಂದುವುದಿಲ್ಲ.

## ಸೂತ್ರದಿಂದ ಮಾಡಿದರೆ ಪಟ್ಟಿಯ ಅಂಕಿ ಬರುತ್ತಿಲ್ಲ, ಯಾಕೆ?

P ಬೆಲೆ, Q ಪ್ಯಾಕೆಟ್ ಸಂಖ್ಯೆ, TR ಒಟ್ಟು ಆದಾಯ, MR ಸೀಮಾಂತ ಆದಾಯ ಅಂತ ಇಟ್ಟು ನಮ್ಮ ಪಟ್ಟಿಯನ್ನು ಸಮೀಕರಣವಾಗಿ ಬರೆದರೆ:

```
P  = 115 - 0.5Q
TR = 115Q - 0.5Q²
MR = 115 - Q
```

Q = 50 ಹಾಕಿದರೆ MR 65 ಬರುತ್ತದೆ. ಪಟ್ಟಿಯಲ್ಲಿ 70 ಇದೆ. ಎರಡೂ ಸರಿ. ಪಟ್ಟಿಯ 70 ಅನ್ನುವುದು 40ರಿಂದ 50ರವರೆಗಿನ ಹತ್ತು ಪ್ಯಾಕೆಟ್‌ಗಳ ಸರಾಸರಿ. ಅಂದರೆ ಅದು 45ಕ್ಕೆ ಸೇರಿದ ಅಂಕಿ. 115ರಲ್ಲಿ 45 ಕಳೆದು ನೋಡಿ, 70 ಬಂತಲ್ವಾ? ಗ್ರಾಫ್ ಬರೆಯುವಾಗ ಸೀಮಾಂತ ಆದಾಯದ ಚುಕ್ಕೆಯನ್ನು ಎರಡು ಪ್ರಮಾಣಗಳ ನಡುವೆ ಇಡಿ ಅಂತ ಹೇಳುವುದು ಇದಕ್ಕೇ. ಉತ್ತರ ಮಾತ್ರ ಬದಲಾಗುವುದಿಲ್ಲ. 50 ದಾಟಿದ ಕೂಡಲೇ ಸೂತ್ರದ MR 65ಕ್ಕಿಂತ ಕೆಳಗೆ ಬೀಳುತ್ತದೆ, ವೆಚ್ಚ 65ಕ್ಕೆ ಏರುತ್ತದೆ. ಮಧ್ಯಾಹ್ನದ ಕೂಲಿ ಏರದೆ ವೆಚ್ಚ 55ರಲ್ಲೇ ಇದ್ದಿದ್ದರೆ 115 - Q = 55, ಅಂದರೆ 60 ಪ್ಯಾಕೆಟ್, ಬೆಲೆ 85 ಸರಿಯಾಗುತ್ತಿತ್ತು.

## ಖಾನಾವಳಿಯವರು 75ಕ್ಕೆ ದಿನಾ 20 ಪ್ಯಾಕೆಟ್ ಕೇಳಿದರೆ?

ಕೇಳಿದ್ದರು. ಪಟ್ಟಿ ನೋಡಿ ಬೇಡ ಅಂದುಬಿಡಬೇಡಿ. ಖಾನಾವಳಿಗೆ 75ಕ್ಕೆ ಕೊಟ್ಟರೆ ಬಾಗಿಲಿಗೆ ಬರುವ ಗಿರಾಕಿಗೆ ಬೆಲೆ ಇಳಿಸಬೇಕಾಗಿಲ್ಲ. ಹುಣಸೆ ಬೀಜದ ಆ 50ರ ಗುಂಪು ಅಲುಗುವುದಿಲ್ಲ. ಹಾಗಾಗಿ ಇಲ್ಲಿ ಸೀಮಾಂತ ಆದಾಯ ಅಂದರೆ ಪೂರ್ತಿ 75. ವೆಚ್ಚ 65. ಪ್ಯಾಕೆಟ್‌ಗೆ 10ರಂತೆ ದಿನಕ್ಕೆ 200 ಜಾಸ್ತಿ. ಕೊಡಬೇಕು.

ಒಂದೇ ಷರತ್ತು: ಆ ರೊಟ್ಟಿ ಊಟದ ತಟ್ಟೆಗೇ ಹೋಗಬೇಕು. ಖಾನಾವಳಿಯ ಗಲ್ಲಾದ ಪಕ್ಕ 80ಕ್ಕೆ ಪ್ಯಾಕೆಟ್ ಇಟ್ಟು ಮಾರಿದರೆ ನಮ್ಮ 90ರ ಗಿರಾಕಿಯೇ ಅಲ್ಲಿಗೆ ಹೋಗುತ್ತಾನೆ. ಚಿಗವ್ವ ಅದಕ್ಕೆ ಕವರ್ ಇಲ್ಲದೆ ಬುಟ್ಟಿಯಲ್ಲಿ ಬಿಡಿಯಾಗಿ ಕಳಿಸುತ್ತಾಳೆ. ಕವರಿನ 3 ರೂಪಾಯಿಯೂ ಉಳಿಯಿತು. ಈ ಉಪಾಯ ನಾನು ಹೇಳಿಕೊಟ್ಟದ್ದಲ್ಲ.

## ತೊಗರಿ ಬೆಳೆಯುವ ರೈತನಿಗೂ ಇದೇ ಲೆಕ್ಕವಾ?

ನಿಯಮ ಅದೇ, ಆದರೆ ಬೆಲೆ ಆರಿಸುವ ಮಾತು ಅಲ್ಲಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಈ ಊರಿನದೇ ಬೆಳೆ ಅನ್ನುವ ಗುರುತು ಸಿಕ್ಕಿದೆ. ಆದರೂ ಗಂಜ್ ಮಾರುಕಟ್ಟೆಗೆ 10 ಚೀಲ ತಂದ ರೈತ ದರ ಕೇಳುತ್ತಾನೆ, ಹೇಳುವುದಿಲ್ಲ. ಅವನು ಹನ್ನೊಂದನೇ ಚೀಲ ತಂದ ಅಂತ ಮೊದಲ ಹತ್ತರ ದರ ಬೀಳುವುದಿಲ್ಲ. ಅವನಿಗೆ ಸೀಮಾಂತ ಆದಾಯವೂ ಬೆಲೆಯೂ ಒಂದೇ. ಎಷ್ಟು ಬೆಳೆಯಬೇಕು ಅನ್ನುವುದಷ್ಟೇ ಅವನ ಕೈಯಲ್ಲಿದೆ. ಚಿಗವ್ವನ ರೊಟ್ಟಿಗೆ ರುಚಿ ಹಿಡಿದ ಗಿರಾಕಿಗಳಿದ್ದಾರೆ, ಬೆಲೆ 5 ಏರಿದರೆ ಎಲ್ಲರೂ ಓಡಿಹೋಗುವುದಿಲ್ಲ. ಅದಕ್ಕೇ ಅವಳಿಗೆ ಬೆಲೆ ಇಡುವ ಅವಕಾಶವಿದೆ.

## ಬೇಡಿಕೆ ಪಟ್ಟಿಯೇ ತಪ್ಪಿದ್ದರೆ?

ತಪ್ಪಿರುತ್ತದೆ. ಪರೀಕ್ಷೆಯಲ್ಲಿ ಪಟ್ಟಿ ಅಚ್ಚಾಗಿ ಬರುತ್ತದೆ, ಮನೆಯಲ್ಲಿ ನಾವೇ ಕಟ್ಟಬೇಕು. ನಮ್ಮ ಮೊದಲ ಪಟ್ಟಿಯಲ್ಲಿ ಎರಡು ತಪ್ಪಿದ್ದವು, ಎರಡೂ ನನ್ನವೇ.

ವಾರಕ್ಕೊಂದು ಬೆಲೆ ಇಟ್ಟು ಬರೆಯುತ್ತಾ ಹೋದೆವು. 95 ಇಟ್ಟ ವಾರ ದಿನಕ್ಕೆ 70 ಹೋದವು. 90ಕ್ಕೆ 50, 95ಕ್ಕೆ 70! ಬೆಲೆ ಏರಿಸಿದರೆ ಮಾರಾಟ ಏರುತ್ತದೆ ಅಂತ ನಾನು ಖುಷಿಯಾಗಿಬಿಟ್ಟೆ. ಚಿಗವ್ವ ನಕ್ಕಳು: "ಎಳ್ಳ ಅಮಾಸಿ ಇತ್ತಲ್ಲೋ." ಎಳ್ಳು ಅಮಾವಾಸ್ಯೆಗೆ ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತದೆ. ಆ ವಾರ ಎಲ್ಲ ಬೆಲೆಗೂ ಬೇಡಿಕೆ ಜಾಸ್ತಿ. ಅದು ಪಟ್ಟಿಯ ಒಂದು ಸಾಲಲ್ಲ, ಬೇರೆಯದೇ ಪಟ್ಟಿ. ಶರಣಬಸವೇಶ್ವರ ಜಾತ್ರೆಯ ದಿನಗಳೂ ಹಾಗೇ. ಬೆಲೆ ಏರಿದಾಗ ಮಾರಾಟವೂ ಏರಿದ್ದು ಕಂಡರೆ ಮೊದಲು ಕ್ಯಾಲೆಂಡರ್ ನೋಡಿ.

ಎರಡನೆಯದು ಸೂಕ್ಷ್ಮ. 85 ಇಟ್ಟ ವಾರವೂ ದಿನಕ್ಕೆ 50 ಅಂತಲೇ ಬರೆದಿದ್ದೆ. ಬೆಲೆ ಇಳಿಸಿದರೂ ಏನೂ ಏರಲಿಲ್ಲವಲ್ಲ ಅಂದುಕೊಂಡೆ. ನಿಜವೇನೆಂದರೆ ಮಾಡಿದ್ದೇ 50, ಮಧ್ಯಾಹ್ನ ಹನ್ನೆರಡಕ್ಕೇ ಖಾಲಿ. ಆಮೇಲೆ ಬಂದು ಬರಿಗೈಲಿ ಹೋದವರನ್ನು ಯಾರೂ ಎಣಿಸಿರಲಿಲ್ಲ. ಮಾಲು ಖಾಲಿಯಾದ ದಿನದ ಅಂಕಿ ಬೇಡಿಕೆಯದ್ದಲ್ಲ, ನಿಮ್ಮ ಒಲೆಯದ್ದು. ಈಗ ಚಿಗವ್ವ ವಾಪಸ್ ಹೋದವರಿಗೂ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ. ಖಡಕ್ ರೊಟ್ಟಿ ಬೇಗ ಕೆಡುವುದಿಲ್ಲ, ಹಾಗಾಗಿ ಅಳತೆ ತೆಗೆಯುವ ವಾರ ನಾಲ್ಕು ಪ್ಯಾಕೆಟ್ ಜಾಸ್ತಿ ಮಾಡಿಟ್ಟರೂ ಹಾಳಾಗುವುದಿಲ್ಲ.

ಪೂರ್ತಿ ಪಟ್ಟಿ ಬೇಕಂತಲೂ ಇಲ್ಲ. ಈಗಿನ ಬೆಲೆ, ಅದರ ಮೇಲಿನದೊಂದು, ಕೆಳಗಿನದೊಂದು ಗೊತ್ತಿದ್ದರೆ ಸಾಕು. ಪಟ್ಟಿ ಸ್ವಲ್ಪ ಆಚೀಚೆ ಆದರೂ ದೊಡ್ಡ ಲುಕ್ಸಾನಿಲ್ಲ. 90ರ ಬದಲು 85 ಇಟ್ಟರೆ ದಿನಕ್ಕೆ 50 ರೂಪಾಯಿ ಹೋಗುತ್ತದೆ, 95 ಇಟ್ಟರೆ 150. ಎಲ್ಲಕ್ಕಿಂತ ಜಾಸ್ತಿ ಲಾಭ ಕೊಡುವ ಬೆಲೆಯ ಹತ್ತಿರ ಲಾಭ ಹೆಚ್ಚುಕಮ್ಮಿ ಮಟ್ಟಸವಾಗಿರುತ್ತದೆ, ದೂರ ಹೋದಂತೆ ಜಾರುತ್ತದೆ. ಹಾಗಾಗಿ 88ಆ 91ಆ ಅಂತ ತಲೆ ಕೆಡಿಸಿಕೊಂಡು ನಾನು ಕೂತಾಗ, ಚಿಗವ್ವ ಚಿಲ್ಲರೆ ಯಾರು ಕೊಡ್ತಾರ ಅಂತ ನೋಟ್‌ಬುಕ್ ಮುಚ್ಚಿ ಒಲೆ ಕಡೆ ಹೋದಳು.